ಮೋಲ್ಡ್ ಹಾಕುವ ದಿನ ಇನ್ನೆಷ್ಟು ದೂರ? ಪ್ಲ್ಯಾನ್, ಗಳಿಕೆ, ಖರ್ಚಿನ ಲೆಕ್ಕ

ಮನೆ ಕಟ್ಟಿಸುವವರ ಡೈರಿಯಲ್ಲಿ ಎರಡು ಅಂಕಿ ಇವೆ ಅಂದುಕೊಳ್ಳಿ. ಐದನೇ ವಾರ ಮುಗಿಯುವಷ್ಟರಲ್ಲಿ ₹3,20,000 ಖರ್ಚಾಗಬೇಕಿತ್ತು. ಆಗಿರುವುದು ₹3,05,000. ಹಾಗಾದರೆ ₹15,000 ಉಳಿದಿದೆ, ಅಲ್ವಾ?

ಇಲ್ಲ. ಅದೇ ಮನೆಯನ್ನು ಸರಿಯಾಗಿ ಅಳೆದರೆ ₹61,000 ಕೈಬಿಟ್ಟು ಹೋಗಿದೆ, ಕೆಲಸ ಒಂದೂವರೆ ವಾರ ಹಿಂದೆ ಬಿದ್ದಿದೆ. ಡೈರಿಯ ಎರಡು ಅಂಕಿಗಳಲ್ಲಿ ಇದು ಕಾಣುವುದೇ ಇಲ್ಲ. ಮೂರನೆಯ ಅಂಕಿ ಒಂದು ಬೇಕು: ಈವರೆಗೆ ನಿಜವಾಗಿ ಮುಗಿದ ಕೆಲಸದ ಬೆಲೆ, ಅದೂ ಮೊದಲು ಹಾಕಿದ ಬಜೆಟ್ಟಿನ ದರದಲ್ಲಿ. ಇದನ್ನೇ ಅರ್ನ್ಡ್ ವ್ಯಾಲ್ಯೂ ಎನ್ನುತ್ತಾರೆ. ನಾನಿಲ್ಲಿ ಗಳಿಕೆ ಎಂದು ಕರೆಯುತ್ತೇನೆ.

ದೊಡ್ಡ ಸಾಫ್ಟ್‌ವೇರ್ ಪ್ರಾಜೆಕ್ಟು, ಮೆಟ್ರೋ ಕಾಮಗಾರಿ ಎಲ್ಲದರಲ್ಲೂ ಈ ಲೆಕ್ಕ ಇದೆ. ಆದರೆ ಕಣ್ಣಿಗೆ ಕಾಣುವ ಕೆಲಸದಲ್ಲಿ ಕಲಿತರೆ ಬೇಗ ತಲೆಗೆ ಹತ್ತುತ್ತದೆ. ಅದಕ್ಕೆ ಮೂವತ್ತು–ನಲವತ್ತರ ಸೈಟಿನಲ್ಲಿ ಏಳುತ್ತಿರುವ ಒಂದು ಮನೆಯನ್ನು ತೆಗೆದುಕೊಳ್ಳೋಣ. ಪಾಯ ಮುಗಿದು ಪ್ಲಿಂತ್ ಮಟ್ಟಕ್ಕೆ ಬಂದಿದೆ. ಮುಂದಿನ ಮೈಲಿಗಲ್ಲು ನೆಲಮಹಡಿಯ ಆರ್‌ಸಿಸಿ ಮೋಲ್ಡ್. ಕೆಳಗಿನ ದರಗಳೆಲ್ಲ ಲೆಕ್ಕಕ್ಕೆಂದು ನಾನು ಇಟ್ಟುಕೊಂಡವು. ನಿಮ್ಮ ಊರಿನ ದರ ಬೇರೆ ಇರುತ್ತದೆ, ವಿಧಾನ ಬದಲಾಗುವುದಿಲ್ಲ.

ಮೊದಲು ಮೈಲಿಗಲ್ಲನ್ನು ನೆಡಬೇಕು

"ಮೋಲ್ಡ್ ಮುಗಿಯಿತು" ಎಂದರೆ ಏನು? ಸೆಂಟ್ರಿಂಗ್ ಹಲಗೆ ಹೊಡೆದಾಗಲೇ? ಕಾಂಕ್ರೀಟ್ ಹಾಕಿದ ದಿನವೇ? ಕೆಳಗಿನ ಆಸರೆ ಬಿಚ್ಚಿದ ಮೇಲೆಯೇ? ಈ ಮೂರರ ನಡುವೆ ವಾರಗಟ್ಟಲೆ ಅಂತರ ಇದೆ. ಸಾಮಾನ್ಯ ಸಿಮೆಂಟಿಗೆ, ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳುವಂತೆ, 4.5 ಮೀಟರ್‌ವರೆಗಿನ ಅಗಲಕ್ಕೆ ಹಾಕಿದ ಸ್ಲ್ಯಾಬಿನ ಆಸರೆಯನ್ನು ಕನಿಷ್ಠ 7 ದಿನ ಬಿಡಬೇಕು, ಅದಕ್ಕಿಂತ ಜಾಸ್ತಿ ಇದ್ದರೆ 14 ದಿನ. ಆರು ಮೀಟರ್‌ವರೆಗಿನ ತೊಲೆಗಳಿಗೂ 14 ದಿನ. ಹಾಗಾಗಿ ಒಬ್ಬರು ಕಾಂಕ್ರೀಟಿನ ದಿನವನ್ನು, ಇನ್ನೊಬ್ಬರು ಆಸರೆ ಬಿಚ್ಚುವ ದಿನವನ್ನು ಮನಸ್ಸಲ್ಲಿ ಇಟ್ಟುಕೊಂಡಿದ್ದರೆ ಜಗಳ ಗ್ಯಾರಂಟಿ.

ನಮ್ಮ ಮನೆಗೆ ಹೀಗೆ ಬರೆದುಕೊಳ್ಳೋಣ: ಇಡೀ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕಿ ಮುಗಿಸಿದ ದಿನವೇ ಮೈಲಿಗಲ್ಲು. ಯಾರು ಬಂದು ನೋಡಿದರೂ ಹೌದು ಅಥವಾ ಇಲ್ಲ ಎನ್ನಬಹುದು, ನಡುವಿನ ಉತ್ತರ ಇಲ್ಲ. ಮನೆ ಸಾಲ ತೆಗೆದವರಿಗೆ ಇದು ಗೊತ್ತಿರುತ್ತದೆ. ಬ್ಯಾಂಕು ಹಂತ ಹಂತವಾಗಿ ಹಣ ಬಿಡುವಾಗ "ಮೋಲ್ಡ್ ಹಂತ" ಎಂದು ಬರೆದಿದ್ದರೆ, ಮುಕ್ಕಾಲು ಸೆಂಟ್ರಿಂಗ್ ಆಗಿದೆ ಎಂದು ಹೇಳಿ ಮುಕ್ಕಾಲು ಕಂತು ಕೇಳಲು ಆಗುವುದಿಲ್ಲ.

ಮೈಲಿಗಲ್ಲಿನ ತೊಂದರೆ ಇರುವುದೂ ಅಲ್ಲೇ. ಅದು ಕೊನೆಯ ದಿನದವರೆಗೂ "ಇಲ್ಲ" ಎಂದೇ ಹೇಳುತ್ತದೆ. ತಡವಾಗುತ್ತಿದೆ ಎಂದು ಅದರಿಂದ ಗೊತ್ತಾಗುವ ಹೊತ್ತಿಗೆ ತಡ ಆಗಿಹೋಗಿರುತ್ತದೆ. ಅದಕ್ಕೇ ದಾರಿಯುದ್ದಕ್ಕೂ ಅಳತೆ ಬೇಕು.

ಪ್ಲ್ಯಾನ್

ಕೆಲಸ ಶುರುವಾಗುವುದು 2026ರ ಜನವರಿ 5, ಸೋಮವಾರ. ಎಂಟು ವಾರ ಬೇಕು ಎಂದು ಮೇಸ್ತ್ರಿ ಒಪ್ಪಿದ್ದಾರೆ. ಅಂದರೆ ಫೆಬ್ರುವರಿ 28ಕ್ಕೆ ಮೋಲ್ಡ್. ಈ ಎಂಟು ವಾರದ ಬಜೆಟ್ಟು ₹8,00,000.

| ಕೆಲಸ | ಬಜೆಟ್ (₹) | ವಾರ |
|---|---|---|
| ಕಾಲಂ, 12 | 96,000 | 1–2 |
| ಲಿಂಟಲ್ ಮಟ್ಟದವರೆಗೆ ಗೋಡೆ, 1,200 ಚದರ ಅಡಿ | 1,60,000 | 3–4 |
| ಲಿಂಟಲ್ ಮತ್ತು ಸಜ್ಜಾ | 64,000 | 5 |
| ಲಿಂಟಲ್ ಮೇಲಿನ ಗೋಡೆ | 60,000 | 6 |
| ಸೆಂಟ್ರಿಂಗ್ | 90,000 | 7 |
| ಮೋಲ್ಡಿನ ಕಂಬಿ | 1,40,000 | 8 |
| ಕರೆಂಟ್ ಪೈಪು, ಕಾಂಕ್ರೀಟ್ | 1,20,000 | 8 |
| ಕಾಂಪೌಂಡ್ ಗೋಡೆ | 70,000 | 7–8 |

ಪ್ರತಿ ಸಾಲಿನಲ್ಲೂ ಸಾಮಾನು, ಕೂಲಿ ಎರಡೂ ಸೇರಿವೆ. ಕೊನೆಯ ಸಾಲನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಕಾಂಪೌಂಡ್ ಗೋಡೆ ಮೋಲ್ಡಿಗೆ ಬೇಕಾಗಿಲ್ಲ. ಸೆಂಟ್ರಿಂಗಿನವರು, ಕಂಬಿಯವರು ಕೆಲಸ ಮಾಡುವಾಗ ಗಾರೆಯವರು ಸುಮ್ನೆ ಕೂರಬಾರದೆಂದು ಅದನ್ನು ಕೊನೆಗೆ ಇಟ್ಟಿದೆ.

ಯಾವುದೇ ಶನಿವಾರ ಸಂಜೆ ನಿಂತು, "ಪ್ಲ್ಯಾನ್ ಪ್ರಕಾರ ಇಷ್ಟೊತ್ತಿಗೆ ಎಷ್ಟು ಬೆಲೆಯ ಕೆಲಸ ಮುಗಿಯಬೇಕಿತ್ತು?" ಎಂದು ಕೇಳಿದರೆ ಈ ಪಟ್ಟಿಯಿಂದಲೇ ಉತ್ತರ ಸಿಗುತ್ತದೆ. ಐದನೇ ವಾರದ ಶನಿವಾರ ಫೆಬ್ರುವರಿ 7. ಅಷ್ಟರೊಳಗೆ ಕಾಲಂ, ಲಿಂಟಲ್‌ವರೆಗಿನ ಗೋಡೆ, ಲಿಂಟಲ್ ಮತ್ತು ಸಜ್ಜಾ ಮುಗಿಯಬೇಕಿತ್ತು. 96,000, 1,60,000, 64,000 ಸೇರಿಸಿದರೆ ₹3,20,000. ಇದು ಪ್ಲ್ಯಾನ್ ಮೊತ್ತ. ಸಾಫ್ಟ್‌ವೇರಿನಲ್ಲಿ PV ಎಂದು ಕಾಣುವುದು ಇದೇ.

ಗಳಿಕೆ ಅಳೆಯುವುದು ಹೇಗೆ

ಈಗ ಸೈಟಿಗೆ ಹೋಗಬೇಕು. ಫೋನಿನಲ್ಲಿ ಕೇಳಿದರೆ "ಗೋಡೆ ತೊಂಬತ್ತು ಪರ್ಸೆಂಟ್ ಆಯ್ತು ಸಾರ್" ಎಂಬ ಉತ್ತರ ಬರುತ್ತದೆ. ಮುಂದಿನ ವಾರ ಕೇಳಿದರೂ ತೊಂಬತ್ತೇ. ಮೇಸ್ತ್ರಿ ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜವಾಗಿ ಹಾಗೇ ಅನ್ನಿಸುತ್ತದೆ, ಏಕೆಂದರೆ ಸುಲಭದ ನೇರ ಗೋಡೆಗಳು ಮುಗಿದಿವೆ. ಉಳಿದಿರುವುದು ಮೂಲೆ, ಕಿಟಕಿ, ಬಾಗಿಲು. ಅಂದಾಜಿನ ಶೇಕಡಾವಾರು ಹಾಕಿ ಮಾಡಿದ ಗಳಿಕೆ ಲೆಕ್ಕಕ್ಕಿಂತ ಲೆಕ್ಕವೇ ಇಲ್ಲದಿರುವುದು ಮೇಲು ಎಂದು ನನ್ನ ಅಭಿಪ್ರಾಯ. ದಶಮಾಂಶ ಇಟ್ಟು ಬರೆದ ಸಂಖ್ಯೆಯನ್ನು ಜನ ನಂಬಿಬಿಡುತ್ತಾರೆ.

ಹಾಗಾಗಿ ಪ್ರತಿ ಸಾಲಿಗೂ ಅಳೆಯುವ ನಿಯಮವನ್ನು ಕೆಲಸ ಶುರುವಾಗುವ ಮೊದಲೇ ಬರೆದಿಡಬೇಕು. ಕಾಲಂಗಳನ್ನು ಎಣಿಸಬಹುದು. ಕಾಂಕ್ರೀಟ್ ಹಾಕಿದ ಒಂದು ಕಾಲಂಗೆ ₹8,000, ಬರೀ ಕಂಬಿ ಕಟ್ಟಿ ನಿಲ್ಲಿಸಿದ್ದಕ್ಕೆ ಏನೂ ಇಲ್ಲ. ಗೋಡೆಯನ್ನು ಟೇಪು ಹಿಡಿದು ಚದರ ಅಡಿಯಲ್ಲಿ ಅಳೆಯಬಹುದು. ಲಿಂಟಲ್ ಒಂದೇ ವಾರದ ಕೆಲಸ. ಅದಕ್ಕೆ ಎಲ್ಲ ಅಥವಾ ಸೊನ್ನೆ ಎಂಬ ನಿಯಮ ಸಾಕು: ಕಾಂಕ್ರೀಟ್ ಹಾಕಿದರೆ ಪೂರ್ತಿ ₹64,000, ಇಲ್ಲದಿದ್ದರೆ ಸೊನ್ನೆ. ಇದು ಸ್ವಲ್ಪ ಕಠಿಣ ಎನ್ನಿಸಬಹುದು. ಆದರೆ ಕೆಲಸ ಚಿಕ್ಕದಿದ್ದಾಗ ತಪ್ಪೂ ಚಿಕ್ಕದೇ. ಒಂದು ವಾರದೊಳಗೆ ತಾನಾಗಿ ಸರಿಹೋಗುತ್ತದೆ. ಕೆಲವರು ಶುರುವಾದ ತಕ್ಷಣ ಅರ್ಧ, ಮುಗಿದಾಗ ಉಳಿದರ್ಧ ಕೊಡುತ್ತಾರೆ. ಎರಡು ವಾರದೊಳಗಿನ ಕೆಲಸಕ್ಕೆ ಅದೂ ನಡೆಯುತ್ತದೆ. ತಿಂಗಳುಗಟ್ಟಲೆ ನಡೆಯುವ ಕೆಲಸಕ್ಕೆ ಮಾತ್ರ ಬೇಡ. ನಾಲ್ಕು ಇಟ್ಟಿಗೆ ಇಟ್ಟು ಅರ್ಧ ಗಳಿಕೆ ಬರೆದುಕೊಳ್ಳುವ ಚಾಳಿ ಶುರುವಾಗುತ್ತದೆ.

ಫೆಬ್ರುವರಿ 7ರಂದು ಸೈಟಿನಲ್ಲಿ ಕಂಡದ್ದು ಇಷ್ಟು. ಹನ್ನೆರಡೂ ಕಾಲಂ ಆಗಿವೆ. ಗೋಡೆ 1,200ರಲ್ಲಿ 900 ಚದರ ಅಡಿ ಎದ್ದಿದೆ, ಅಂದರೆ ಮುಕ್ಕಾಲು. ಲಿಂಟಲ್ ಶುರುವೇ ಆಗಿಲ್ಲ. ಆದರೆ ಕಾಂಪೌಂಡ್ ಗೋಡೆ 40 ಶೇಕಡ ಆಗಿದೆ! ಬಡಗಿ ಬಾಗಿಲು ಚೌಕಟ್ಟು ಕಳಿಸುವುದು ತಡವಾಯಿತು. ಚೌಕಟ್ಟು ಇಲ್ಲದೆ ಆ ಭಾಗದ ಗೋಡೆ ಏಳುವುದಿಲ್ಲ. ಗಾರೆಯವರನ್ನು ಖಾಲಿ ಕೂರಿಸುವ ಬದಲು ಮೇಸ್ತ್ರಿ ಅವರನ್ನು ಕಾಂಪೌಂಡಿಗೆ ಹಾಕಿದರು.

ಗಳಿಕೆ ಹಾಕೋಣ. ಕಾಲಂ ₹96,000. ಗೋಡೆ ₹1,60,000ದ ಮುಕ್ಕಾಲು, ₹1,20,000. ಲಿಂಟಲ್ ಸೊನ್ನೆ. ಕಾಂಪೌಂಡ್ ₹70,000ದಲ್ಲಿ 40 ಶೇಕಡ, ₹28,000. ಒಟ್ಟು ₹2,44,000. ಈ ಮೊತ್ತದಲ್ಲಿ ನಿಜವಾಗಿ ಎಷ್ಟು ಖರ್ಚಾಯಿತು ಎಂಬುದು ಎಲ್ಲೂ ಸೇರಿಲ್ಲ ಎಂಬುದನ್ನು ಗಮನಿಸಿ. ಅಳತೆ ಸೈಟಿನದು, ದರ ಬಜೆಟ್ಟಿನದು.

ಖರ್ಚು ಎಂದರೆ ಪಾಸ್‌ಬುಕ್ ಅಲ್ಲ

ಹೆಚ್ಚಿನವರು ಎಡವುವುದು ಇಲ್ಲಿ. ಪಾಸ್‌ಬುಕ್ ನೋಡಿದರೆ ಈವರೆಗೆ ₹4,02,000 ಹೊರಗೆ ಹೋಗಿದೆ. ಅದನ್ನೇ ಗಳಿಕೆಯ ಪಕ್ಕ ಇಟ್ಟರೆ ಎದೆ ಧಸಕ್ಕೆನ್ನುತ್ತದೆ. ಆದರೆ ಅದರಲ್ಲಿ ₹1,15,000 ಮೋಲ್ಡಿನ ಕಂಬಿಗೆ ಕೊಟ್ಟದ್ದು. ದರ ಏರುತ್ತದೆ ಎಂದು ಮೊದಲೇ ತರಿಸಿ ಟಾರ್ಪಾಲು ಹೊದಿಸಿ ಇಟ್ಟಿದ್ದಾರೆ. ಆ ಕಂಬಿ ಇನ್ನೂ ಕಟ್ಟಿಲ್ಲ, ಹಾಗಾಗಿ ಗಳಿಕೆಯಲ್ಲಿ ಅದರ ಒಂದು ರೂಪಾಯಿಯೂ ಇಲ್ಲ. ಖರ್ಚಿನಲ್ಲಿ ಸೇರಿಸಿ ಗಳಿಕೆಯಲ್ಲಿ ಬಿಟ್ಟರೆ ಹೋಲಿಕೆಯೇ ತಪ್ಪಾಗುತ್ತದೆ. ಅದನ್ನು ಕಳೆದರೆ ₹2,87,000.

ಇನ್ನೊಂದು ಕಡೆ, ಆದ ಕೆಲಸಕ್ಕೆ ಕೊಡದೆ ಉಳಿದ ದುಡ್ಡಿದೆ. ಗಾರೆಯವರ ಬಟವಾಡೆಯಲ್ಲಿ ₹18,000 ಬಾಕಿ. ಗೋಡೆ ಎದ್ದಾಗಿದೆ, ಗಳಿಕೆಗೆ ಬರೆದಾಗಿದೆ, ಹಾಗಾಗಿ ಇದೂ ಖರ್ಚೇ. ಸೇರಿಸಿದರೆ ₹3,05,000. ಗಳಿಕೆಯಲ್ಲಿ ಯಾವ ಕೆಲಸವನ್ನು ಎಣಿಸಿದಿರೋ ಅದಕ್ಕೆ ತಗುಲಿದ ಖರ್ಚು ಮಾತ್ರ, ಆದರೆ ಪೂರ್ತಿಯಾಗಿ ಬರಬೇಕು.

ಗುತ್ತಿಗೆದಾರರಿಗೆ ಚದರಕ್ಕೆ ಇಷ್ಟು ಎಂದು ಒಪ್ಪಿಸಿದ್ದರೆ ಈ ಖರ್ಚಿನ ಲೆಕ್ಕ ಅವರ ತಲೆನೋವು, ನಿಮ್ಮದಲ್ಲ. ಆಗಲೂ ಗಳಿಕೆ ನಿಮಗೆ ಬೇಕು. ಅವರು ಈವರೆಗೆ ₹3,80,000 ಪಡೆದಿದ್ದು ಸೈಟಿನಲ್ಲಿ ಗಳಿಕೆ ₹2,44,000 ಇದ್ದರೆ, ₹1,36,000 ಕೆಲಸಕ್ಕಿಂತ ಮುಂದೆ ಹೋಗಿದೆ. ನಾಳೆ ಅವರು ಸೈಟಿಗೆ ಬರುವುದನ್ನು ನಿಲ್ಲಿಸಿದರೆ ಅಷ್ಟು ನಿಮ್ಮ ತಲೆಯ ಮೇಲೆ.

ಮೂರು ಅಂಕಿ ಪಕ್ಕಪಕ್ಕ

ಪ್ಲ್ಯಾನ್ ₹3,20,000. ಗಳಿಕೆ ₹2,44,000. ಖರ್ಚು ₹3,05,000.

ಗಳಿಕೆಯಿಂದ ಖರ್ಚು ಕಳೆದರೆ ₹61,000 ಕೊರತೆ. ₹2,44,000ದ ಕೆಲಸ ಮಾಡಿಸಲು ₹3,05,000 ಹೋಗಿದೆ. ಭಾಗಿಸಿದರೆ 0.80: ಪ್ರತಿ ರೂಪಾಯಿಗೆ ಎಂಬತ್ತು ಪೈಸೆಯ ಕೆಲಸ ಸಿಕ್ಕಿದೆ. ಗಳಿಕೆಯಿಂದ ಪ್ಲ್ಯಾನ್ ಕಳೆದರೆ ₹76,000 ಬೆಲೆಯ ಕೆಲಸ ಹಿಂದೆ. ಭಾಗಿಸಿದರೆ 0.76. ಮೊದಲಿನ ಆ "₹15,000 ಉಳಿತಾಯ" ಎಲ್ಲಿಂದ ಬಂತು ಎಂದು ಈಗ ಗೊತ್ತಾಗುತ್ತದೆ. ಕೆಲಸ ಕಡಿಮೆ ಆಯಿತು, ಹಾಗಾಗಿ ಖರ್ಚೂ ಕಡಿಮೆ ಕಂಡಿತು.

ಎಕ್ಸೆಲ್ ಅಥವಾ ಗೂಗಲ್ ಶೀಟಿನಲ್ಲಿ ಐದು ಕಾಲಂ ಸಾಕು. `A`ಯಲ್ಲಿ ಕೆಲಸದ ಹೆಸರು, `B`ಯಲ್ಲಿ ಬಜೆಟ್, `C`ಯಲ್ಲಿ ಈ ದಿನಕ್ಕೆ ಆಗಬೇಕಿದ್ದ ಶೇಕಡ, `D`ಯಲ್ಲಿ ಆಗಿರುವ ಶೇಕಡ, `E`ಯಲ್ಲಿ ಖರ್ಚು. ಶೇಕಡವನ್ನು 75% ಎಂದು % ಗುರುತಿನೊಂದಿಗೇ ಬರೆಯಿರಿ. ಎಂಟು ಕೆಲಸ ಎರಡನೇ ಸಾಲಿನಿಂದ ಒಂಬತ್ತರವರೆಗೆ ಬರುತ್ತವೆ. ಹನ್ನೊಂದನೇ ಸಾಲಿನಿಂದ ಕೆಳಗೆ `B` ಕಾಲಂನಲ್ಲಿ ಒಂದರ ಕೆಳಗೊಂದು ಇವನ್ನು ಹಾಕಿ:

```
B11  =SUMPRODUCT(B2:B9,C2:C9)
B12  =SUMPRODUCT(B2:B9,D2:D9)
B13  =SUM(E2:E9)
B14  =B12/B13
B15  =B12/B11
```

ಕ್ರಮವಾಗಿ ಪ್ಲ್ಯಾನ್, ಗಳಿಕೆ, ಖರ್ಚು, ಖರ್ಚಿನ ಸೂಚಿ, ವೇಳೆಯ ಸೂಚಿ. ಕೊನೆಯ ಎರಡನ್ನು CPI, SPI ಎಂದು ಕರೆಯುವುದು ರೂಢಿ. ಒಂದಕ್ಕಿಂತ ಕಡಿಮೆ ಬಂದರೆ ಕೆಟ್ಟದ್ದು, ಜಾಸ್ತಿ ಬಂದರೆ ಒಳ್ಳೆಯದು ಅಥವಾ ಎಲ್ಲೋ ಅಳತೆ ತಪ್ಪಿದೆ.

ಇಲ್ಲಿಗೆ ನಿಲ್ಲಿಸುವವರೇ ಜಾಸ್ತಿ. ನನ್ನ ಪ್ರಕಾರ ನಿಜವಾದ ಕೆಲಸ ಶುರುವಾಗುವುದೇ ಇಲ್ಲಿಂದ.

ದುಡ್ಡು ಎಲ್ಲಿ ಸೋರಿತು, ಕೊನೆಗೆ ಎಷ್ಟಾಗಬಹುದು

0.80 ಎಂಬುದು ಇಡೀ ಸೈಟಿನ ಸರಾಸರಿ. ಸಾಲು ಸಾಲಾಗಿ ನೋಡಿದರೆ ಕಥೆ ಬೇರೆ. ಕಾಲಂಗೆ ₹96,000 ಗಳಿಸಲು ₹1,04,000 ಹೋಗಿದೆ, ದೊಡ್ಡ ವಿಷಯವಲ್ಲ. ಒಳಗೋಡೆಗೆ ₹1,20,000 ಗಳಿಸಲು ₹1,61,000. ಕಾಂಪೌಂಡಿಗೆ ₹28,000 ಗಳಿಸಲು ₹40,000. ಸೋರಿಕೆ ಬಹುಪಾಲು ಗಾರೆ ಕೆಲಸದಲ್ಲಿ. ಕಾರಣ ಹುಡುಕಿದರೆ ಎರಡು ಸಿಗುತ್ತವೆ. ದೇವರ ಕೋಣೆ ಇಲ್ಲಿ ಬೇಡ ಅಲ್ಲಿ ಬೇಕು ಎಂದು ಮನೆಯವರು ತೀರ್ಮಾನ ಬದಲಿಸಿದರು, ಎದ್ದ ಗೋಡೆ ಒಡೆದು ಮತ್ತೆ ಕಟ್ಟಬೇಕಾಯಿತು. ಒಡೆದ ಗೋಡೆಗೆ ಗಳಿಕೆ ಇಲ್ಲ, ಆದರೆ ಅದರ ಕೂಲಿ, ಸಿಮೆಂಟು, ಬ್ಲಾಕು ಖರ್ಚಿನಲ್ಲಿ ಕೂತಿವೆ. ಇನ್ನೊಂದು, ಗಾರೆಯವರು ದಿನಗೂಲಿಯ ಮೇಲಿದ್ದಾರೆ. ಚೌಕಟ್ಟಿಗೆ ಕಾದ ಅರ್ಧ ದಿನಗಳಿಗೂ ಪೂರ್ತಿ ಕೂಲಿ ಹೋಗಿದೆ.

ಈಗ ಮುಂದಿನ ಅಂದಾಜು. ಪುಸ್ತಕದ ಮೊದಲ ಸೂತ್ರ ಸರಳ: ಒಟ್ಟು ಬಜೆಟ್ಟನ್ನು ಖರ್ಚಿನ ಸೂಚಿಯಿಂದ ಭಾಗಿಸಿ. 8,00,000 ಭಾಗಿಸು 0.80, ಬರುವುದು ₹10,00,000. ಉಳಿದ ಕೆಲಸವೂ ಇದೇ ರೀತಿ ಸೋರುತ್ತದೆ ಎಂಬುದು ಇದರ ಹಿಂದಿನ ನಂಬಿಕೆ. ಎರಡನೇ ಸೂತ್ರ, ಆಗಿದ್ದು ಆಯಿತು, ಇನ್ನು ಮುಂದೆ ಎಲ್ಲ ಬಜೆಟ್ಟಿನಂತೆ ನಡೆಯುತ್ತದೆ ಎನ್ನುವುದು. ಖರ್ಚಾದ 3,05,000ಕ್ಕೆ ಉಳಿದ ಕೆಲಸದ ಬಜೆಟ್ 5,56,000 ಸೇರಿಸಿದರೆ ₹8,61,000.

ಎರಡರ ನಡುವೆ ಒಂದು ಲಕ್ಷದ ಮೂವತ್ತೊಂಬತ್ತು ಸಾವಿರ ವ್ಯತ್ಯಾಸ. ಯಾವುದನ್ನು ನಂಬುವುದು? ಸೂತ್ರ ಆರಿಸುವ ಬದಲು ಉಳಿದ ಕೆಲಸವನ್ನು ನೋಡಬೇಕು. ಉಳಿದಿರುವ ₹5,56,000ದಲ್ಲಿ ಗಾರೆ ಕೆಲಸ ₹1,42,000: ಒಳಗೋಡೆಯ ಬಾಕಿ 40,000, ಲಿಂಟಲ್ ಮೇಲಿನ ಗೋಡೆ 60,000, ಕಾಂಪೌಂಡಿನ ಬಾಕಿ 42,000. ಇದೇ ಗುಂಪು, ಇದೇ ದಿನಗೂಲಿ. ಹಾಗಾಗಿ ಗೋಡೆಯ ಹಳೆಯ ಸೂಚಿಯೇ, ಅಂದರೆ ಸುಮಾರು 0.75, ಮುಂದುವರಿಯುತ್ತದೆ ಎಂದುಕೊಳ್ಳುವುದು ಜಾಣತನ. ಆ ಲೆಕ್ಕದಲ್ಲಿ ಅದು ಸುಮಾರು ₹1,90,000 ಆಗುತ್ತದೆ. ಉಳಿದ ₹4,14,000 ಸೆಂಟ್ರಿಂಗ್, ಕಂಬಿ, ಕಾಂಕ್ರೀಟ್, ಲಿಂಟಲ್. ಇವುಗಳ ದರ ಅಳತೆಯ ಮೇಲೆ ಮೊದಲೇ ಮಾತಾಗಿದೆ, ಕಂಬಿಯಂತೂ ಆಗಲೇ ಸೈಟಿನಲ್ಲಿದೆ. ಇವನ್ನು ಬಜೆಟ್ಟಿನ ದರದಲ್ಲೇ ಬಿಡಬಹುದು. ಮೂರನ್ನೂ ಕೂಡಿದರೆ ಸುಮಾರು ₹9,10,000. ನಾನಾದರೆ ಈ ಅಂಕಿ ಹಿಡಿದು ದುಡ್ಡು ಹೊಂದಿಸಿಕೊಳ್ಳುತ್ತೇನೆ.

ಕಡಿಮೆ ಅಂದಾಜನ್ನೇ ಆರಿಸುವ ಆಸೆ ಬರೀ ಮನೆ ಕಟ್ಟುವವರದ್ದಲ್ಲ. ಈ ಪದ್ಧತಿಗೆ 1967ರಲ್ಲಿ 35 ಮಾನದಂಡಗಳ ಅಧಿಕೃತ ರೂಪ ಕೊಟ್ಟದ್ದು ಅಮೆರಿಕದ ರಕ್ಷಣಾ ಇಲಾಖೆ. ಅದೇ ಇಲಾಖೆಯ ನೌಕಾಪಡೆ ಎ-12 ಎಂಬ ಯುದ್ಧವಿಮಾನ ಮಾಡಿಸಲು ಹೊರಟಿತ್ತು. ಗಳಿಕೆಯ ವರದಿಗಳಲ್ಲಿ ಖರ್ಚು ಮಿತಿ ಮೀರುತ್ತಿರುವುದು ಕಾಣುತ್ತಿತ್ತು. ಲೆಕ್ಕ ನೋಡುವವರು ಕೆಟ್ಟ ಅಂದಾಜುಗಳನ್ನೂ ಮುಂದಿಟ್ಟಿದ್ದರು. ಮೇಲಿನವರು ಆಶಾವಾದದ ಅಂಕಿಯನ್ನೇ ಹಿಡಿದುಕೊಂಡರು. 1991ರ ಜನವರಿಯಲ್ಲಿ ರಕ್ಷಣಾ ಕಾರ್ಯದರ್ಶಿ ಡಿಕ್ ಚೇನಿ ಆ ಯೋಜನೆಯನ್ನೇ ರದ್ದು ಮಾಡಿದರು.

ಗಳಿಕೆ ಇದೆ, ಮೋಲ್ಡ್ ಹತ್ತಿರ ಬಂದಿಲ್ಲ

ಈಗ ಕಾಂಪೌಂಡ್ ಗೋಡೆಗೆ ಬರೋಣ. ₹28,000 ಗಳಿಕೆ ಅದರಿಂದ ಬಂದಿದೆ. ಸುಳ್ಳು ಗಳಿಕೆಯೇನಲ್ಲ, ಗೋಡೆ ನಿಜವಾಗಿ ಎದ್ದಿದೆ. ಆದರೆ ಅದರಿಂದ ಮೋಲ್ಡ್ ಒಂದು ದಿನವೂ ಹತ್ತಿರ ಬಂದಿಲ್ಲ. ಇಡೀ ಕಾಂಪೌಂಡ್ ಮುಗಿಸಿ ₹70,000 ಬರೆದುಕೊಂಡಿದ್ದರೂ ಅಷ್ಟೇ. ವೇಳೆಯ ಸೂಚಿ ಚೆನ್ನಾಗಿ ಕಾಣುತ್ತಿತ್ತು, ಮೋಲ್ಡ್ ಮಾತ್ರ ಅಲ್ಲೇ ಇರುತ್ತಿತ್ತು.

ಗಳಿಕೆ ಲೆಕ್ಕಕ್ಕೆ ಎಲ್ಲ ರೂಪಾಯಿಯೂ ಒಂದೇ. ಯಾವ ಕೆಲಸ ಯಾವುದರ ಹಿಂದೆ ಕಾಯುತ್ತಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಮೈಲಿಗಲ್ಲಿಗೆ ಇದನ್ನು ಬಳಸಬೇಕೆಂದರೆ, ಆ ಮೈಲಿಗಲ್ಲಿಗೆ ಹೋಗುವ ದಾರಿಯಲ್ಲಿರುವ ಕೆಲಸಗಳನ್ನಷ್ಟೇ ಹಿಡಿದು ಇನ್ನೊಂದು ಲೆಕ್ಕ ಮಾಡಬೇಕು. ಕಾಂಪೌಂಡ್ ಬಿಟ್ಟರೆ ಗಳಿಕೆ ₹2,16,000. ಪ್ಲ್ಯಾನ್ ₹3,20,000 ಹಾಗೇ ಇರುತ್ತದೆ, ಏಕೆಂದರೆ ಐದನೇ ವಾರದವರೆಗೆ ಪ್ಲ್ಯಾನಿನಲ್ಲಿ ಕಾಂಪೌಂಡ್ ಇರಲೇ ಇಲ್ಲ. ಸೂಚಿ 0.76ರಿಂದ 0.68ಕ್ಕೆ ಇಳಿಯಿತು. ಒಟ್ಟು ಸೂಚಿಗೂ ದಾರಿಯ ಸೂಚಿಗೂ ಅಂತರ ಬೆಳೆಯುತ್ತಿದ್ದರೆ, ಸುಲಭದ ಕೆಲಸಗಳು ಮುಂದೆ ಓಡುತ್ತಿವೆ, ಕಷ್ಟದ್ದು ಎಲ್ಲೋ ಸಿಕ್ಕಿಹಾಕಿಕೊಂಡಿದೆ ಎಂದರ್ಥ.

ಆದರೆ 0.68 ಎಂದರೆ ಎಷ್ಟು ದಿನ? ರೂಪಾಯಿಯಲ್ಲಿ ತಡವನ್ನು ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ. ಇದನ್ನು ವಾರಕ್ಕೆ ತಿರುಗಿಸಲು ಒಂದು ಸುಲಭ ದಾರಿ ಇದೆ. ಇಂದಿನ ಗಳಿಕೆ ಪ್ಲ್ಯಾನಿನ ಪ್ರಕಾರ ಯಾವ ದಿನ ಬರಬೇಕಿತ್ತು ಎಂದು ಹುಡುಕಿ. ಪ್ಲ್ಯಾನಿನಲ್ಲಿ ಮೂರನೇ ವಾರದ ಕೊನೆಗೆ ₹1,76,000 ಆಗಬೇಕಿತ್ತು, ನಾಲ್ಕನೇ ವಾರದ ಕೊನೆಗೆ ₹2,56,000. ನಮ್ಮ ₹2,16,000 ಸರಿಯಾಗಿ ಮಧ್ಯದಲ್ಲಿದೆ. ಅಂದರೆ ಮೂರೂವರೆ ವಾರದ ಕೆಲಸ ಆಗಿದೆ, ಕಳೆದಿರುವುದು ಐದು ವಾರ. ಒಂದೂವರೆ ವಾರ ತಡ. ಈಗ ಎಲ್ಲರಿಗೂ ಅರ್ಥವಾಯಿತು.

ಈ ದಾರಿ ಬೇಕಾಗುವುದಕ್ಕೆ ಇನ್ನೊಂದು ಕಾರಣವೂ ಇದೆ. ಕೆಲಸ ಮುಗಿದ ದಿನ ಗಳಿಕೆ ಒಟ್ಟು ಬಜೆಟ್ಟಿಗೆ ಸಮ, ಪ್ಲ್ಯಾನ್ ಮೊತ್ತವೂ ಒಟ್ಟು ಬಜೆಟ್ಟಿಗೆ ಸಮ. ಭಾಗಿಸಿದರೆ 1.00. ಆರು ತಿಂಗಳು ತಡವಾಗಿ ಮುಗಿದ ಮನೆಗೂ ಕೊನೆಗೆ 1.00 ಬರುತ್ತದೆ! ಹಾಗಾಗಿ ಕೊನೆಯ ಮೂರನೇ ಒಂದು ಭಾಗದಲ್ಲಿ ವೇಳೆಯ ಸೂಚಿ ತಾನಾಗಿ ಮೇಲೇರುತ್ತದೆ, ಅದನ್ನು ನೋಡಿ ಸಮಾಧಾನ ಮಾಡಿಕೊಳ್ಳಬಾರದು. ವಾರದಲ್ಲಿ ಅಳೆದ ತಡ ಹಾಗೆ ಮಾಯವಾಗುವುದಿಲ್ಲ.

ಈಗ ದಿನಾಂಕ. ಇನ್ನು ಮುಂದೆ ಎಲ್ಲ ಪ್ಲ್ಯಾನಿನಂತೆ ನಡೆದರೆ ಎಂಟು ವಾರಕ್ಕೆ ಒಂದೂವರೆ ಸೇರಿ ಒಂಬತ್ತೂವರೆ ವಾರ. ಮಾರ್ಚ್ 11 ಅಥವಾ 12. ಇದೇ ವೇಗದಲ್ಲಿ ಹೋದರೆ, ಐದು ವಾರಕ್ಕೆ ಮೂರೂವರೆ ವಾರದ ಕೆಲಸ, ಅಂದರೆ 0.7. ಎಂಟನ್ನು 0.7ರಿಂದ ಭಾಗಿಸಿದರೆ ಹನ್ನೊಂದೂವರೆ ವಾರದ ಹತ್ತಿರ. ಮಾರ್ಚ್ 26ರ ಸುಮಾರಿಗೆ.

ಈ ಎರಡು ದಿನಾಂಕಗಳ ನಡುವೆ ಮಾರ್ಚ್ 19 ಇದೆ. ಅವತ್ತು ಯುಗಾದಿ. ಊರಿನಿಂದ ಬಂದು ಕೆಲಸ ಮಾಡುವ ಗುಂಪು ಹಬ್ಬಕ್ಕೆ ಊರಿಗೆ ಹೋಗುತ್ತದೆ, ಹಬ್ಬದ ಮರುದಿನವೇ ವಾಪಸ್ ಬರುತ್ತದೆ ಎಂಬ ಖಾತ್ರಿ ಯಾರಿಗೂ ಇಲ್ಲ. ಹಾಗಾಗಿ ಮಾರ್ಚ್ 18ರೊಳಗೆ ಕಾಂಕ್ರೀಟ್ ಆಗದಿದ್ದರೆ ಮೋಲ್ಡ್ 26ಕ್ಕೂ ಆಗುವುದಿಲ್ಲ, ತಿಂಗಳ ಕೊನೆಯನ್ನು ದಾಟಿಬಿಡುತ್ತದೆ. ಸೂತ್ರಕ್ಕೆ ಹಬ್ಬ ಗೊತ್ತಿಲ್ಲ. ಮಳೆಗಾಲ, ಮರಳಿನ ಕೊರತೆ, ಚುನಾವಣೆ ಏನೂ ಗೊತ್ತಿಲ್ಲ. ಸೂತ್ರ ಕೊಟ್ಟ ದಿನಾಂಕವನ್ನು ಕ್ಯಾಲೆಂಡರಿನ ಮೇಲೆ ಇಟ್ಟು ನೋಡುವುದು ನಮ್ಮ ಕೆಲಸ.

ಇಲ್ಲಿ ಇನ್ನೊಂದು ಮಿತಿ ಹೇಳಲೇಬೇಕು. ಬಜೆಟ್ ಹಂಚುವಾಗಲೇ ಮೊದಲ ಕೆಲಸಗಳಿಗೆ ಜಾಸ್ತಿ, ಕೊನೆಯ ಕೆಲಸಗಳಿಗೆ ಕಡಿಮೆ ಹಾಕಿದ್ದರೆ ಇಡೀ ಲೆಕ್ಕ ಮೊದಲ ದಿನದಿಂದಲೇ ಚೆನ್ನಾಗಿ ಕಾಣುತ್ತದೆ. ಬೇಗ ದುಡ್ಡು ಕೈಗೆ ಬರಲಿ ಎಂದು ಕೆಲವು ಗುತ್ತಿಗೆದಾರರು ಪಾಯ, ಕಾಲಂಗಳ ದರ ಏರಿಸಿ ಬರೆಯುವುದುಂಟು. ಪತ್ತೆ ಹಚ್ಚುವುದು ಕಷ್ಟವಲ್ಲ. ಒಂದು ಕಾಲಂಗೆ ಎಷ್ಟು ಸಿಮೆಂಟು, ಎಷ್ಟು ಕೆಜಿ ಕಂಬಿ, ಎಷ್ಟು ಆಳು ಎಂದು ಬಿಡಿಸಿ ಕೇಳಿ. ಉತ್ತರ ಬಂದ ಮೇಲೆ ಅಂಗಡಿಯ ದರದಲ್ಲಿ ಗುಣಿಸಿ ನೋಡಿ.

ಮುಂದಿನ ಶನಿವಾರ ಏನು ನೋಡಬೇಕು

ಆರನೇ ವಾರಕ್ಕೆ ಮಾಡಬೇಕಾದ್ದು ಲೆಕ್ಕದಿಂದಲೇ ಹೊರಬರುತ್ತದೆ. ಕಾಂಪೌಂಡ್ ಕೆಲಸ ನಿಲ್ಲಿಸಿ ಗಾರೆಯವರನ್ನು ಒಳಗೆ ತರಬೇಕು. ಚೌಕಟ್ಟು ಮಂಗಳವಾರದೊಳಗೆ ಬರುವಂತೆ ಬಡಗಿಯ ಹತ್ತಿರ ಹೋಗಿ ಕೂರಬೇಕು, ಫೋನ್ ಸಾಲದು. ಉಳಿದ 300 ಚದರ ಅಡಿ ಗೋಡೆಯನ್ನು ದಿನಗೂಲಿ ಬಿಟ್ಟು ಅಳತೆಯ ಲೆಕ್ಕಕ್ಕೆ ಕೊಡಲು ಮೇಸ್ತ್ರಿ ಒಪ್ಪುತ್ತಾರಾ ಎಂದು ಕೇಳಬೇಕು. ದೇವರ ಕೋಣೆಯ ವಿಷಯ ಮನೆಯಲ್ಲಿ ಈ ವಾರವೇ ಕೊನೆಯಾಗಬೇಕು.

ಫೆಬ್ರುವರಿ 14ರ ಸಂಜೆ ಮತ್ತೆ ಟೇಪು ಹಿಡಿಯಿರಿ. ಗೋಡೆ ಮುಗಿದು ಲಿಂಟಲಿಗೆ ಕಾಂಕ್ರೀಟ್ ಬಿದ್ದಿದ್ದರೆ ದಾರಿಯ ಗಳಿಕೆ ₹3,20,000 ಆಗಿರುತ್ತದೆ. ಅದು ಪ್ಲ್ಯಾನಿನ ಐದನೇ ವಾರದ ಮೊತ್ತ, ಅಂದರೆ ತಡ ಒಂದು ವಾರಕ್ಕೆ ಇಳಿದಿದೆ. ಆಗ ಮೋಲ್ಡ್ ಮಾರ್ಚ್ 7ರ ಹತ್ತಿರ ನಿಲ್ಲುತ್ತದೆ. ಗೋಡೆ ಮಾತ್ರ ಮುಗಿದು ಲಿಂಟಲ್ ಆಗಿಲ್ಲದಿದ್ದರೆ ಗಳಿಕೆ ₹2,56,000, ನಾಲ್ಕು ವಾರದ ಕೆಲಸ. ತಡ ಎರಡು ವಾರವಾಯಿತು, ಮೋಲ್ಡ್ ಮಾರ್ಚ್ 14ಕ್ಕೆ ಹೋಯಿತು. ಯುಗಾದಿಗೆ ಐದೇ ದಿನ ಉಳಿಯಿತು. ಆ ಸಂಜೆಯೇ ಸೆಂಟ್ರಿಂಗಿನವರಿಗೆ ಹೊಸ ದಿನಾಂಕ ಹೇಳಿ, ಬ್ಯಾಂಕಿನ ಕಂತು ಮಾರ್ಚಿಗೆ ಬರುತ್ತದೆಂದು ನಂಬಿ ಯಾರಿಗಾದರೂ ಮಾತು ಕೊಟ್ಟಿದ್ದರೆ ಅವರಿಗೂ ಒಂದು ಫೋನ್ ಮಾಡಿಬಿಡಿ.